ಮುಚ್ಚಿದ ಮೇಲೂ ಕಾಣುವ ಹೊಲಿಗೆ: ಏಣಿ ಹೊಲಿಗೆಯ ದೋಷ ಪತ್ತೆ ಮತ್ತು ನಿವಾರಣೆ

ಕುಶನ್ನಿಗೆ ಅರಳೆ ತುಂಬಿ, ಬಿಟ್ಟಿದ್ದ ಬಾಯನ್ನು ಏಣಿ ಹೊಲಿಗೆಯಿಂದ ಮುಚ್ಚಿದ ಮೇಲೂ ಆ ಜಾಗ ಎದ್ದು ಕಾಣುತ್ತಿದ್ದರೆ, ಹೆಚ್ಚಿನವರು ಮೊದಲು ಮಾಡುವುದು ದಾರವನ್ನು ಇನ್ನಷ್ಟು ಬಿಗಿಯಾಗಿ ಎಳೆಯುವುದು. ಕೆಲವೊಮ್ಮೆ ಅದರಿಂದ ಸರಿಹೋಗುವುದೂ ಉಂಟು. ಆದರೆ ಬಹಳ ಸಲ ಬಟ್ಟೆ ಸುರುಗಿಕೊಂಡು, ಮೊದಲಿದ್ದ ಒಂದು ದೋಷದ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಹೊಲಿಗೆ ಕಾಣುತ್ತಿದೆ ಎಂಬ ದೂರು ಒಂದೇ ಆದರೂ ಅದರ ಹಿಂದಿನ ಕಾರಣ ಸೂಜಿ ದಾಟಿದ ಜಾಗದಲ್ಲಿರಬಹುದು, ಸೂಜಿ ಹೊಕ್ಕ ಜಾಗದಲ್ಲಿರಬಹುದು, ದಾರದ ಬಿಗುವಿನಲ್ಲಿರಬಹುದು, ಇಲ್ಲವೇ ಹೊಲಿಯುವುದಕ್ಕೂ ಮೊದಲೇ ಅಂಚನ್ನು ಮಡಿಸಿದ ಕ್ರಮದಲ್ಲಿರಬಹುದು. ಬಿಚ್ಚುವ ಮೊದಲು ಇವುಗಳಲ್ಲಿ ಯಾವುದು ಎಂದು ತಿಳಿದುಕೊಂಡರೆ, ಎಷ್ಟೋ ಸಲ ಪೂರ್ತಿ ಬಿಚ್ಚುವ ಅಗತ್ಯವೇ ಬರುವುದಿಲ್ಲ.

ಉದಾಹರಣೆಗೆ ನನ್ನ ಬಳಿಗೆ ರಿಪೇರಿಗೆ ಬಂದ ಒಂದು ಕುಶನ್ನನ್ನೇ ಇಲ್ಲಿ ತೆಗೆದುಕೊಳ್ಳುತ್ತೇನೆ. ಗುಳೇದಗುಡ್ಡದ ಕುಂಕುಮ ಬಣ್ಣದ ಖಣದಲ್ಲಿ ಹೊಲಿದ, 40 ಸೆಂಟಿಮೀಟರ್ ಚೌಕದ ಕುಶನ್ ಅದು. ಕೆಳಬದಿಯಲ್ಲಿ 12 ಸೆಂಟಿಮೀಟರ್ ಬಾಯಿ ಬಿಟ್ಟು, ತುಂಬಿದ ಮೇಲೆ ಕೈಯಲ್ಲಿ ಮುಚ್ಚಿದ್ದರು. ಹೊಲಿದವರು ನಮ್ಮ ಪಕ್ಕದ ಮನೆಯ ಅಕ್ಕ. ಅವರ ಹೆಮ್ಮಿಂಗ್ ಅಚ್ಚುಕಟ್ಟು, ಕೈ ಪಳಗಿದ್ದು. ಆದರೂ ಮುಚ್ಚಿದ ಜಾಗದಲ್ಲಿ ಓರೆಯಾದ ಸಣ್ಣ ಗೀರುಗಳ ಸಾಲೊಂದು ಕಾಣುತ್ತಿತ್ತು, ಬಲತುದಿಯಲ್ಲಿ ಬಟ್ಟೆ ಸಣ್ಣ ಗುಬುಟಾಗಿ ಎದ್ದಿತ್ತು.

ಹೊಲಿಗೆ ಮರೆಯಾಗುವುದು ಹೇಗೆ

ದೋಷವನ್ನು ಗುರುತಿಸಬೇಕಾದರೆ ಸರಿಯಾದ ಹೊಲಿಗೆಯಲ್ಲಿ ದಾರ ಎಲ್ಲೆಲ್ಲಿ ಇರುತ್ತದೆ ಎಂಬುದು ಕಣ್ಣ ಮುಂದೆ ಇರಬೇಕು. ಬಾಯಿಯ ಎರಡೂ ಬದಿಯ ಅಂಚುಗಳನ್ನು ಒಳಕ್ಕೆ ಮಡಿಸಿದಾಗ ಎರಡು ಮಡಿಕೆಗಳು ಎದುರುಬದುರಾಗಿ ನಿಲ್ಲುತ್ತವೆ. ಸೂಜಿ ಮೊದಲು ಮೇಲಿನ ಮಡಿಕೆಯ ಒಳಗೆ, ಸುರಂಗದಲ್ಲಿ ಹೋದಂತೆ, ಸುಮಾರು 4 ಮಿಲಿಮೀಟರ್ ಸಾಗಿ ಹೊರಬರುತ್ತದೆ. ಅಲ್ಲಿಂದ ನೇರವಾಗಿ ಎದುರಿನ ಮಡಿಕೆಗೆ ದಾಟಿ, ಅದರೊಳಗೆ ಮತ್ತೆ 4 ಮಿಲಿಮೀಟರ್ ಮುಂದೆ ಸಾಗಿ ಹೊರಬಂದು, ಪುನಃ ಮೇಲಕ್ಕೆ ನೇರವಾಗಿ ದಾಟುತ್ತದೆ. ಮುಂದಕ್ಕೆ ಸಾಗುವ ಕೆಲಸವೆಲ್ಲ ಮಡಿಕೆಯ ಒಳಗೆ, ಬದಿಯಿಂದ ಬದಿಗೆ ದಾಟುವುದು ಮಾತ್ರ ಹೊರಗೆ. ಹೀಗೆ ದಾಟಿದ ಎಳೆಗಳು ಏಣಿಯ ಮೆಟ್ಟಿಲುಗಳಂತೆ ಕಾಣುತ್ತವೆ. ದಾರವನ್ನು ಎಳೆದಾಗ ಮೆಟ್ಟಿಲುಗಳು ಗಿಡ್ಡವಾಗುತ್ತಾ ಕೊನೆಗೆ ಎರಡು ಮಡಿಕೆಗಳ ಸಂದಿನಲ್ಲಿ ಇಲ್ಲದಂತಾಗುತ್ತವೆ. ಮೆಟ್ಟಿಲು ನೆಟ್ಟಗಿದ್ದರೆ ಮಾತ್ರ ಅದರ ಉದ್ದ ಸೊನ್ನೆಗೆ ಇಳಿಯುತ್ತದೆ. ಅದು ಓರೆಯಾಗಿದ್ದರೆ, ಎರಡು ಮಡಿಕೆಗಳು ಒಂದಕ್ಕೊಂದು ತಾಗಿದ ಮೇಲೂ, ಮುಂದಕ್ಕೆ ಜಾರಿದಷ್ಟು ಉದ್ದದ ದಾರ ಹೊರಗೆ ಉಳಿದೇ ಉಳಿಯುತ್ತದೆ. ಎಷ್ಟು ಎಳೆದರೂ ಅದು ಒಳಗೆ ಹೋಗದಿರುವುದು ಇದೇ ಕಾರಣಕ್ಕೆ.

ಮೊದಲ ಪರೀಕ್ಷೆ: ಬಾಯನ್ನು ಬಿಡಿಸಿ ಮೆಟ್ಟಿಲು ನೋಡುವುದು

ಕುಶನ್ನನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಿದ ಸಾಲಿನ ಎರಡೂ ಬದಿಗೆ ಹೆಬ್ಬೆರಳುಗಳನ್ನು ಊರಿ, ಬಟ್ಟೆಯನ್ನು ಮೆಲ್ಲಗೆ ಎರಡೂ ಕಡೆಗೆ ಎಳೆಯಬೇಕು. ಕಿಟಕಿಯ ಬೆಳಕು ಒಂದು ಬದಿಯಿಂದ ಬೀಳುವಂತಿದ್ದರೆ ಒಳ್ಳೆಯದು. ಮಡಿಕೆಗಳು ಒಂದೆರಡು ಮಿಲಿಮೀಟರ್ ಸರಿದಾಗ ನಡುವೆ ಮೆಟ್ಟಿಲುಗಳು ತೋರುತ್ತವೆ. ಅವು ನೆಟ್ಟಗಿದ್ದು ಸಡಿಲವಾಗಿದ್ದರೆ ದೋಷ ಬಿಗುವಿನದು. ಬಿಗಿಯಾಗಿದ್ದೂ ಓರೆಯಾಗಿದ್ದರೆ ದೋಷ ದಾಟಿದ ಜಾಗದ್ದು. ಮೆಟ್ಟಿಲಿನ ಬುಡ ಮಡಿಕೆಯ ಅಂಚಿನಲ್ಲಿರದೆ ಅದಕ್ಕಿಂತ ಆಚೆ, ಬಟ್ಟೆಯ ಹೊರಮೈ ಮೇಲೆ ಇದ್ದರೆ, ಸೂಜಿ ಮಡಿಕೆಯನ್ನು ಬಿಟ್ಟು ಹೊರಮೈಯನ್ನು ಚುಚ್ಚಿದೆ ಎಂದು ಅರ್ಥ.

ಈ ಪರೀಕ್ಷೆ ಮಾಡುವಾಗ ಬಲ ಹಾಕಬಾರದು. ಖಣದಂತಹ ಬಟ್ಟೆಯಲ್ಲಿ ಕತ್ತರಿಸಿದ ಅಂಚಿನ ಎಳೆಗಳು ಬೇಗ ಬಿಟ್ಟುಕೊಳ್ಳುವುದರಿಂದ, ಒಳಗಿನ ಮಾರ್ಜಿನ್ ಕಡಿಮೆ ಇದ್ದರೆ ಜೋರಾಗಿ ಎಳೆದಾಗ ದಾರ ಗಟ್ಟಿಯಾಗಿ ಉಳಿದು ಬಟ್ಟೆಯೇ ಬಿಚ್ಚಿಕೊಳ್ಳುತ್ತದೆ.

ಅಕ್ಕನ ಕುಶನ್ನಿನಲ್ಲಿ ಮೆಟ್ಟಿಲುಗಳು ಬಿಗಿಯಾಗಿಯೇ ಇದ್ದವು. ಆದರೆ ಮೇಲಿನಿಂದ ಕೆಳಕ್ಕೆ ದಾಟಿದ ಪ್ರತಿಯೊಂದು ಎಳೆಯೂ ಬಲಕ್ಕೆ ವಾಲಿತ್ತು, ಕೆಳಗಿನಿಂದ ಮೇಲಕ್ಕೆ ದಾಟಿದವು ಮಾತ್ರ ನೆಟ್ಟಗಿದ್ದವು. ಈ ಒಂದು ಗುರುತಿನಲ್ಲಿಯೇ ಗೀರುಗಳ ಕಾರಣವೂ ಗುಬುಟಿನ ಕಾರಣವೂ ಇದ್ದವು.

ಓರೆಯಾದ ಮೆಟ್ಟಿಲು

ಇದು ಹೆಮ್ಮಿಂಗ್ ಅಭ್ಯಾಸವಿರುವವರಲ್ಲಿ ಹೆಚ್ಚಾಗಿ ಕಾಣುವ ದೋಷ. ಹೆಮ್ಮಿಂಗಿನಲ್ಲಿ ಸೂಜಿ ಪ್ರತಿ ಸಲ ಓರೆಯಾಗಿ ಮುಂದಕ್ಕೆ ಹೋಗಬೇಕು. ಅದೇ ಕೈ ಏಣಿ ಹೊಲಿಗೆಗೆ ಬಂದಾಗ, ದಾಟುವಾಗಲೂ ತನಗರಿವಿಲ್ಲದೆ ಅರ್ಧ ಮಿಲಿಮೀಟರ್ ಮುಂದೆ ಚುಚ್ಚುತ್ತದೆ. ಬಲಗೈಯವರು ಬಲದಿಂದ ಎಡಕ್ಕೆ ಹೊಲಿದರೆ ಓರೆ ಎಡಕ್ಕೆ, ಎಡದಿಂದ ಬಲಕ್ಕೆ ಹೊಲಿದರೆ ಬಲಕ್ಕೆ. ಹಾಗಾಗಿ ವಾಲಿದ ದಿಕ್ಕೇ ಹೊಲಿದ ದಿಕ್ಕನ್ನು ಹೇಳುತ್ತದೆ, ಗಂಟು ಯಾವ ತುದಿಯಲ್ಲಿದೆ ಎಂಬುದನ್ನೂ ಅದರಿಂದಲೇ ಊಹಿಸಬಹುದು.

ಒಂದೊಂದು ದಾಟಿನಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವಷ್ಟಲ್ಲ. 12 ಸೆಂಟಿಮೀಟರ್ ಬಾಯಿಯನ್ನು 4 ಮಿಲಿಮೀಟರಿನ ಹೊಲಿಗೆಯಲ್ಲಿ ಮುಚ್ಚಿದರೆ ಒಟ್ಟು 30 ಹೊಲಿಗೆಗಳು, ಅಂದರೆ ಒಂದು ದಿಕ್ಕಿನಲ್ಲಿ ಸುಮಾರು 15 ದಾಟುಗಳು ಬರುತ್ತವೆ. ಪ್ರತಿ ದಾಟಿನಲ್ಲೂ ಕೆಳಗಿನ ಮಡಿಕೆಯ ಮೇಲೆ 0.4 ಮಿಲಿಮೀಟರ್ ಮುಂದೆ ಚುಚ್ಚಿ, ಆಗಾಗ ಬಿಗಿದುಕೊಂಡು ಹೋದರೆ, ಆ ಬದಿಯ ಬಟ್ಟೆ ಅಷ್ಟಷ್ಟೇ ಹೆಚ್ಚು ಖರ್ಚಾಗುತ್ತದೆ. ಕೊನೆಗೆ ತಲುಪುವ ಹೊತ್ತಿಗೆ ಮೇಲಿನ ಬದಿಯಲ್ಲಿ 15 ಸಲ 0.4, ಅಂದರೆ 6 ಮಿಲಿಮೀಟರ್ ಬಟ್ಟೆ ಉಳಿದುಬಿಟ್ಟಿರುತ್ತದೆ. ಅಕ್ಕನ ಕುಶನ್ನಿನ ಬಲತುದಿಯಲ್ಲಿ ಎದ್ದಿದ್ದ ಗುಬುಟು ಇದೇ. ಬಟ್ಟೆ ಕತ್ತರಿಸುವಾಗ ಒಂದು ಬದಿ ಉದ್ದವಾಯಿತೇನೋ ಎಂದು ಅವರು ಅನುಮಾನಿಸಿದ್ದರು. ಆದರೆ ಯಂತ್ರದ ಹೊಲಿಗೆ ಇದ್ದ ಉಳಿದ ಮೂರು ಬದಿಗಳಲ್ಲಿ ಖಣದ ಸಣ್ಣ ಬುಟ್ಟಾಗಳು ಎದುರುಬದುರಾಗಿ ಸರಿಯಾಗಿ ಕೂತಿದ್ದವು, ಕೈಹೊಲಿಗೆಯ ಸಾಲಿನಲ್ಲಿ ಮಾತ್ರ ಹೋಗುತ್ತಾ ಹೋಗುತ್ತಾ ಸರಿದಿದ್ದವು. ಕತ್ತರಿಯ ತಪ್ಪಾಗಿದ್ದರೆ ಬುಟ್ಟಾಗಳು ಹೀಗೆ ಸ್ವಲ್ಪಸ್ವಲ್ಪವಾಗಿ ತಪ್ಪುತ್ತಾ ಹೋಗುತ್ತಿರಲಿಲ್ಲ. ಗೆರೆ, ಚೌಕಳಿ ಅಥವಾ ಬುಟ್ಟಾ ಇರುವ ಬಟ್ಟೆ ಇಂತಹ ಪತ್ತೆಗೆ ಅಳತೆಪಟ್ಟಿಯಂತೆ ಒದಗುತ್ತದೆ.

ಓರೆಯಾದ ಮೆಟ್ಟಿಲಿಗೆ ಬಿಚ್ಚದೆ ಮಾಡುವ ಪರಿಹಾರವಿಲ್ಲ. ಬಿಚ್ಚುವಾಗ ಸೂಜಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನೂಕಬಾರದು, ಅದು ತನ್ನದೇ ದಾರವನ್ನು ಸೀಳುವ ಸಂಭವ ಹೆಚ್ಚು. ಸೂಜಿಯಿಂದ ದಾರವನ್ನು ಕಳಚಿ, ಕಣ್ಣಿನ ಬದಿಯ ಮೊಂಡು ತುದಿಯಿಂದ ಒಂದೊಂದೇ ಮೆಟ್ಟಿಲನ್ನು ಮೀಟಿ ತೆಗೆಯಬೇಕು. ಗಂಟು ಹಾಕಿ ಮುಗಿಸಿದ್ದರೆ ನಡುವಿನ ಮೆಟ್ಟಿಲೊಂದನ್ನು ಕತ್ತರಿಸಿ ಎರಡೂ ಕಡೆಗೆ ಬಿಡಿಸುವುದು ಸುಲಭ.

ಮತ್ತೆ ಹೊಲಿಯುವ ಮೊದಲು ಬಾಯಿಯ ಎರಡೂ ಮಡಿಕೆಗಳ ಮೇಲೆ, ಪ್ರತಿ 2 ಸೆಂಟಿಮೀಟರಿಗೆ ಎದುರುಬದುರಾಗಿ, ದರ್ಜಿಯ ಸೀಮೆಸುಣ್ಣದಿಂದ ಚುಕ್ಕೆಗಳನ್ನು ಇಟ್ಟುಕೊಳ್ಳಬೇಕು. ಚುಕ್ಕೆ ಚುಕ್ಕೆಯನ್ನು ಸೇರುತ್ತಿದೆಯೇ ಎಂದು ಪ್ರತಿ ಐದು ಹೊಲಿಗೆಗೊಮ್ಮೆ ನೋಡಿದರೆ 6 ಮಿಲಿಮೀಟರಿನ ತಪ್ಪು 1 ಮಿಲಿಮೀಟರಿನಲ್ಲೇ ಸಿಕ್ಕಿಬೀಳುತ್ತದೆ. ದಾಟುವಾಗ ದಾರವನ್ನು ಎದುರಿನ ಮಡಿಕೆಯ ಮೇಲೆ ನೇರವಾಗಿ ಹಾಸಿ, ಅದು ಮಲಗಿದ ಜಾಗದಲ್ಲೇ ಚುಚ್ಚುವುದು ಇನ್ನೊಂದು ಉಪಾಯ. ಕೈ ಮತ್ತೂ ಮುಂದಕ್ಕೆ ಜಾರುವವರು, ಬೇಕೆಂದೇ ದಾರದ ದಪ್ಪದಷ್ಟು ಹಿಂದೆ ಚುಚ್ಚಬಹುದು. ಅಷ್ಟು ಹಿಂದೆ ಬಿದ್ದ ಮೆಟ್ಟಿಲು ಕಾಣುವುದಿಲ್ಲ, ಬದಲಿಗೆ ದಾರವನ್ನು ಸ್ವಲ್ಪ ಹಿಡಿದಿಡುತ್ತದೆ.

ಹೊರಮೈ ಮೇಲೆ ಬಿದ್ದ ಹೊಲಿಗೆ

ಇಲ್ಲಿ ಗೀರುಗಳ ಬದಲು ಸಣ್ಣ ಕುಳಿಗಳು ಕಾಣುತ್ತವೆ. ಪ್ರತಿ ಕುಳಿಯ ತಳದಲ್ಲಿ ಒಂದು ಚುಕ್ಕೆಯಷ್ಟು ದಾರ. ಸೂಜಿ ಮಡಿಕೆಯ ತುತ್ತತುದಿಯಲ್ಲಿ ಹೊಗದೆ ಒಂದು ಒಂದೂವರೆ ಮಿಲಿಮೀಟರ್ ಆಚೆ ಹೊಕ್ಕರೆ ಹೀಗಾಗುತ್ತದೆ. ಇದಕ್ಕೆ ಕೈಯ ತಪ್ಪಿಗಿಂತ ಮಡಿಕೆಯ ತಪ್ಪು ದೊಡ್ಡ ಕಾರಣ. ತುಂಬಿದ ಕುಶನ್ನಿನ ಬಾಯಲ್ಲಿ ಅರಳೆ ಹೊರಕ್ಕೆ ಒತ್ತುತ್ತಿರುತ್ತದೆ. ಬೆರಳಿನಲ್ಲಿ ಆಗ ತಾನೇ ಮಡಿಸಿದ ಅಂಚು ಆ ಒತ್ತಡಕ್ಕೆ ದುಂಡಗಾಗಿ, ಮಡಿಕೆಯ ಗೆರೆ ಎಲ್ಲಿದೆ ಎಂಬುದೇ ತಿಳಿಯದಂತಾಗುತ್ತದೆ. ಗೆರೆಯೇ ಇಲ್ಲದಿದ್ದರೆ ಸೂಜಿ ಒಮ್ಮೆ ಒಳಗೆ, ಒಮ್ಮೆ ಹೊರಗೆ ಬೀಳುವುದು ಸಹಜ.

ಆದ್ದರಿಂದ ಪರಿಹಾರ ಇರುವುದು ತುಂಬುವುದಕ್ಕೂ ಮೊದಲು. ಕುಶನ್ನನ್ನು ಇನ್ನೂ ಉಲ್ಟಾ ಇರುವಾಗಲೇ, ಬಾಯಿಯ ಜಾಗದಲ್ಲಿಯೂ ಯಂತ್ರದಲ್ಲಿ ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ಮಾರ್ಜಿನ್ನುಗಳನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ, ಆಮೇಲೆ ಆ ಕಚ್ಚಾ ಹೊಲಿಗೆಯನ್ನು ಮಾತ್ರ ಬಿಚ್ಚಬೇಕು. ಆಗ ಬಾಯಿಯ ಮಡಿಕೆಯೂ ಯಂತ್ರದ ಹೊಲಿಗೆಯೂ ಒಂದೇ ಗೆರೆಯಲ್ಲಿ ಬರುತ್ತವೆ, ಇಸ್ತ್ರಿಯ ಮಡಿಕೆ ಅರಳೆಯ ಒತ್ತಡಕ್ಕೂ ಜಗ್ಗದೆ ಉಳಿಯುತ್ತದೆ. ಬಾಯಿಯ ಎರಡು ತುದಿಗಳಲ್ಲಿ ನಿಜವಾದ ಹೊಲಿಗೆಯನ್ನು ಹಿಂದೆ ಮುಂದೆ ಮಾಡಿ ಲಾಕ್ ಮಾಡಿರಬೇಕು, ಇಲ್ಲದಿದ್ದರೆ ತುಂಬುವಾಗ ಬಾಯಿ 12ರಿಂದ 15 ಸೆಂಟಿಮೀಟರಿಗೆ ಹಿಗ್ಗುವುದನ್ನು ನೋಡುತ್ತಾ ಕೂರಬೇಕಾಗುತ್ತದೆ. ಮಾರ್ಜಿನ್ ಸಾಮಾನ್ಯ ಹತ್ತಿಬಟ್ಟೆಗೆ 1 ಸೆಂಟಿಮೀಟರ್ ಸಾಕು. ಖಣ, ರೇಷ್ಮೆಯಂತಹ ಎಳೆ ಬಿಡುವ ಬಟ್ಟೆಗೆ ಬಾಯಿಯ ಜಾಗದಲ್ಲಾದರೂ 1.5 ಸೆಂಟಿಮೀಟರ್ ಬಿಡುವುದು ಕ್ಷೇಮ.

ಈಗಾಗಲೇ ತುಂಬಿದ ಕುಶನ್ ಕೈಯಲ್ಲಿದ್ದರೆ ಅರಳೆಯನ್ನು ಬಾಯಿಯಿಂದ ನಾಲ್ಕು ಬೆರಳಷ್ಟು ಹಿಂದಕ್ಕೆ ತಳ್ಳಿ, ಮಡಿಕೆಯನ್ನು ಉಗುರಿನಿಂದ ಗೀರಿ, ಪ್ರತಿ ಬದಿಯ ಮಡಿಕೆಯನ್ನೂ ಬೇರೆ ಬೇರೆಯಾಗಿ ಕೈಯಲ್ಲಿ ಕಚ್ಚಾ ಹಾಕಿ ನಿಲ್ಲಿಸಿಕೊಳ್ಳಬಹುದು. ಅದು ಹತ್ತು ನಿಮಿಷದ ಹೆಚ್ಚಿನ ಕೆಲಸ, ಆದರೆ ಗುಂಡುಸೂಜಿಗಳ ಸಾಲಿಗಿಂತ ನನಗೆ ಅದೇ ಇಷ್ಟ. ಗುಂಡುಸೂಜಿ ಎರಡು ಮಡಿಕೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದರಿಂದ ಏಣಿಗೆ ಬೇಕಾದ ಸಂದೇ ಇಲ್ಲದಂತಾಗುತ್ತದೆ.

ಮೆಟ್ಟಿಲು ನೆಟ್ಟಗಿದ್ದೂ ಬಾಯಿ ತೆರೆದುಕೊಳ್ಳುವುದು

ಇದು ಬಿಗುವಿನ ದೋಷ, ಬಿಚ್ಚದೆಯೇ ಸರಿಮಾಡಬಹುದಾದದ್ದು. ಆದರೆ ಮೊದಲು ದಾರ ಸರಿಯುತ್ತಿದೆಯೇ ಎಂದು ನೋಡಬೇಕು. ಕೊನೆಯ ಗಂಟನ್ನು ಬಿಡಿಸಿ ದಾರದ ತುದಿಯನ್ನು ಹಿಡಿದು ಎಳೆಯುತ್ತಾ, ಎಷ್ಟನೆಯ ಮೆಟ್ಟಿಲಿನವರೆಗೆ ಅಲುಗುತ್ತದೆ ಎಂದು ಗಮನಿಸಬೇಕು. ಎಲ್ಲವೂ ಅಲುಗಿದರೆ ಕೇವಲ ಸಡಿಲ. ಒಂದು ಮೆಟ್ಟಿಲಿನಲ್ಲಿ ಚಲನೆ ನಿಂತುಹೋದರೆ ದೋಷ ಅಲ್ಲಿಯೇ ಇದೆ: ಸೂಜಿ ತನ್ನದೇ ದಾರವನ್ನು ಚುಚ್ಚಿ ಹೋಗಿರಬಹುದು, ಇಲ್ಲವೇ ಮಡಿಕೆಯ ಹಿಂದಿನ ಅರಳೆಯನ್ನು ಕಚ್ಚಿಕೊಂಡಿರಬಹುದು. ಅರಳೆ ಸಿಕ್ಕಿದ್ದರೆ ಆ ಜಾಗದಲ್ಲಿ ಸಂದಿನಿಂದ ಬಿಳಿ ಕೂದಲಿನಂತಹ ಎಳೆಗಳು ಹೊರಗೆ ಇಣುಕುತ್ತವೆ. ಬೂರುಗದ ಅರಳೆಯಲ್ಲಿ ಇದು ಹೆಚ್ಚು, ಅದರ ಎಳೆ ಹಗುರ ಮತ್ತು ನುಣುಪು, ಸಂದು ಸಿಕ್ಕಿದ ಕಡೆಯೆಲ್ಲ ಹೊರಬರುತ್ತದೆ. ಹೊಲಿಯುವಾಗ ಮಡಿಕೆಗಳ ಹಿಂದೆ ಎರಡು ಬೆರಳಗಲದ ತೆಳುವಾದ ಬಟ್ಟೆಯ ಪಟ್ಟಿಯೊಂದನ್ನು ಅರಳೆಯ ಮೇಲೆ ಹಾಸಿ ಒಳಗೇ ಬಿಟ್ಟುಬಿಟ್ಟರೆ ಈ ತೊಂದರೆ ಬಹುಪಾಲು ಇಲ್ಲವಾಗುತ್ತದೆ.

ದಾರ ಸರಾಗವಾಗಿ ಸರಿಯುತ್ತಿದ್ದರೆ, ಆರಂಭದ ಗಂಟಿನಿಂದ ಶುರುಮಾಡಿ ಸೂಜಿಯ ತುದಿಯಿಂದ ಒಂದೊಂದು ಮೆಟ್ಟಿಲಿನ ಸಡಿಲವನ್ನೂ ಎತ್ತಿ ಮುಂದಿನದಕ್ಕೆ ದಾಟಿಸುತ್ತಾ ಕೊನೆಯವರೆಗೆ ಬರಬೇಕು. ಕೊನೆಯಲ್ಲಿ ಒಟ್ಟುಗೂಡಿದ ದಾರವನ್ನು ಎಳೆದು ಹೊಸದಾಗಿ ಗಂಟು ಹಾಕಬೇಕು. ಎಳೆಯುವ ದಿಕ್ಕು ಇಲ್ಲಿ ಮುಖ್ಯ. ದಾರವನ್ನು ಕುಶನ್ನಿನಿಂದ ಮೇಲಕ್ಕೆ ಎತ್ತಿ ಎಳೆದರೆ ಮಡಿಕೆಯ ಅಂಚಿನಲ್ಲಿ ಅದು ಮುರಿದಂತೆ ಬಾಗಿ, ಬಟ್ಟೆಯನ್ನು ಕತ್ತರಿಸುತ್ತದೆ ಅಥವಾ ತಾನೇ ತುಂಡಾಗುತ್ತದೆ. ಬದಲಿಗೆ ಹೊಲಿಗೆಯ ಸಾಲಿಗೆ ಸಮಾನಾಂತರವಾಗಿ, ಬಟ್ಟೆಗೆ ಒರಗಿಸಿಕೊಂಡು, ಹೊಲಿಗೆ ಸಾಗಿದ ದಿಕ್ಕಿನಲ್ಲೇ ಎಳೆಯಬೇಕು. ಎಡಗೈ ಹೆಬ್ಬೆರಳು ಮತ್ತು ತೋರುಬೆರಳು ಎರಡು ಮಡಿಕೆಗಳನ್ನು ಚಿವುಟಿದಂತೆ ಹಿಡಿದಿದ್ದರೆ, ಮೆಟ್ಟಿಲುಗಳು ಒಂದಾದ ಮೇಲೊಂದರಂತೆ ಮುಳುಗಿ ಮಡಿಕೆಗಳು ತುಟಿ ಮುಚ್ಚಿದ ಹಾಗೆ ಕೂಡಿಕೊಳ್ಳುವುದು ಬೆರಳಿಗೇ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅದಕ್ಕಿಂತ ಮುಂದೆ ಎಳೆದರೆ ಮಡಿಕೆಯೊಳಗಿನ 4 ಮಿಲಿಮೀಟರ್ ಬಟ್ಟೆಯೂ ಕುಗ್ಗಿ ಸುರುಗು ಬೀಳುತ್ತದೆ. ಸುರುಗು ಬಿದ್ದಿದ್ದರೆ ಗಂಟು ಹಾಕುವ ಮೊದಲು ಸಾಲಿನ ಎರಡು ತುದಿಗಳನ್ನು ಹಿಡಿದು ಬಟ್ಟೆಯನ್ನು ಉದ್ದಕ್ಕೆ ಒಮ್ಮೆ ಜಗ್ಗಿದರೆ ಹೆಚ್ಚಿನ ದಾರ ತಾನಾಗಿ ಹಿಂದಕ್ಕೆ ಹೋಗುತ್ತದೆ.

ಇಡೀ ಬಾಯನ್ನು ಹೊಲಿದು ಮುಗಿಸಿ ಕೊನೆಗೊಮ್ಮೆ ಎಳೆಯುವ ಕ್ರಮ ನೋಡಲು ಚೆಂದ, ಎಲ್ಲ ಮೆಟ್ಟಿಲುಗಳೂ ಒಟ್ಟಿಗೆ ಮಾಯವಾಗುತ್ತವೆ. ಆದರೆ 5 ಸೆಂಟಿಮೀಟರಿಗಿಂತ ಉದ್ದದ ಬಾಯಿಯಲ್ಲಿ ಅದು ಸರಿಬರುವುದಿಲ್ಲ. ಅಷ್ಟೊಂದು ತಿರುವುಗಳ ತಿಕ್ಕಾಟದಲ್ಲಿ ಎಳೆತ ಆರಂಭದ ಹೊಲಿಗೆಗಳನ್ನು ತಲುಪುವುದೇ ಇಲ್ಲ. ನಾಲ್ಕೈದು ಹೊಲಿಗೆಗೊಮ್ಮೆ ಬಿಗಿದುಕೊಂಡು ಹೋಗುವುದೇ ಸರಿ. ಗಟ್ಟಿಯಾಗಿ ತುಂಬಬೇಕಾದ ಗೊಂಬೆಯಲ್ಲಂತೂ ಮುಕ್ಕಾಲು ಬಾಯಿ ಮುಚ್ಚಿದ ಮೇಲೆ ಉಳಿದ ಸಂದಿನಿಂದ, ಪೆನ್ಸಿಲಿನ ಹಿಂಬದಿಯಲ್ಲಿ ದೂಡಿ, ಕೊನೆಯ ಹಿಡಿ ಅರಳೆ ತುಂಬಬೇಕು. ಮೊದಲೇ ಪೂರ್ತಿ ತುಂಬಿದರೆ ಪ್ರತಿಯೊಂದು ಮೆಟ್ಟಿಲೂ ಅರಳೆಯ ಒತ್ತಡಕ್ಕೆ ಎದುರಾಗಿ ಹೋರಾಡಬೇಕಾಗುತ್ತದೆ. ಗೊಂಬೆಗೆ ಹೊಲಿಗೆಯ ಅಳತೆಯನ್ನೂ 2ರಿಂದ 3 ಮಿಲಿಮೀಟರಿಗೆ ಇಳಿಸಬೇಕು. ಬಾಯನ್ನು ಕಿವಿ, ಕಾಲುಗಳ ಬಾಗಿನಲ್ಲಿ ಬಿಡದೆ ಬೆನ್ನಿನ ಅಥವಾ ಹೊಟ್ಟೆಯ ನೇರ ಭಾಗದಲ್ಲಿ ಬಿಡಬೇಕು.

ತುದಿಗಳಲ್ಲಿ ಮಾತ್ರ ಕಾಣುವ ದೋಷ

ನಡುಭಾಗ ಚೆನ್ನಾಗಿದ್ದು ಎರಡು ತುದಿಗಳಲ್ಲಿ ಕುಳಿ ಬಿದ್ದಿದ್ದರೆ, ಕೈಹೊಲಿಗೆ ಯಂತ್ರದ ಹೊಲಿಗೆ ಮುಗಿದ ಜಾಗದಿಂದಲೇ ಶುರುವಾಗಿದೆ ಎಂದರ್ಥ. ಅದು ಯಂತ್ರದ ಹೊಲಿಗೆಯ ಮೇಲೆ 1 ಸೆಂಟಿಮೀಟರ್ ಹಿಂದಿನಿಂದ ಆರಂಭವಾಗಿ, ಆ ಕಡೆಯೂ ಅಷ್ಟೇ ಮುಂದೆ ಹೋಗಿ ಮುಗಿಯಬೇಕು. ಆರಂಭದ ಗಂಟು ಮಡಿಕೆಯ ಒಳಬದಿಯಲ್ಲಿ, ಮಾರ್ಜಿನ್ ಮೇಲೆ ಇರಬೇಕು.

ದಾರದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಪಾಲಿಯೆಸ್ಟರ್ ದಾರ, ಒಂಟಿ ಎಳೆ, ಮೊಳದಷ್ಟು ಉದ್ದ. ಬಣ್ಣ ತಾಳೆಯಾಗದಿದ್ದರೆ ಬಟ್ಟೆಗಿಂತ ಒಂದು ಛಾಯೆ ಗಾಢವಾದದ್ದನ್ನು ಆರಿಸಬೇಕು, ಸಂದಿನ ನೆರಳಿನಲ್ಲಿ ಅದು ಕರಗುತ್ತದೆ, ತಿಳಿಬಣ್ಣ ಮಿಂಚುತ್ತದೆ. ಮಕ್ಕಳು ಎಳೆದಾಡುವ ಗೊಂಬೆಯಾದರೆ ಒಂದೇ ದಾರದ ಮೇಲೆ ಇಡೀ ಬಾಯನ್ನು ನಂಬಿ ಬಿಡಬಾರದು. ಒಂದು ಸಲ ಮುಗಿಸಿದ ಮೇಲೆ ಅದೇ ದಾರದಲ್ಲಿ ತಿರುಗಿ ಬಂದು ಎರಡನೆಯ ಸಾಲು ಹಾಕುವುದು ಒಳ್ಳೆಯದು, ಏಕೆಂದರೆ ಈ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಅಕ್ಕಪಕ್ಕದ ಮೆಟ್ಟಿಲುಗಳೂ ಸಡಿಲವಾಗುತ್ತಾ ಹೋಗುತ್ತವೆ.

ಆ ಖಣದ ಕುಶನ್

ಅಕ್ಕನ ಕುಶನ್ನಿನ ದಾರವನ್ನು ನಡುವಿನಲ್ಲಿ ಕತ್ತರಿಸಿ ಬಿಡಿಸಿದಾಗ ಕೆಳಗಿನ ಬದಿಯ ಮಾರ್ಜಿನ್ 8 ಮಿಲಿಮೀಟರ್ ಮಾತ್ರ ಉಳಿದಿತ್ತು, ಅಂಚಿನ ಎಳೆಗಳು ಬಿಟ್ಟುಕೊಂಡಿದ್ದವು. ಅದರ ಒಳಬದಿಗೆ ತೆಳುವಾದ ಹತ್ತಿಬಟ್ಟೆಯ ಪಟ್ಟಿಯನ್ನು ಸಣ್ಣ ಹೊಲಿಗೆಯಲ್ಲಿ ಸೇರಿಸಿ ಬಲಪಡಿಸಿದೆವು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯ ತುದಿಯಿಂದ ಮಡಿಕೆಗಳನ್ನು ಗೆರೆಗೆ ತಂದೆವು. ಚುಕ್ಕೆ ಇಡುವ ಬದಲು ಬುಟ್ಟಾಗಳನ್ನೇ ಗುರುತಾಗಿ ಇಟ್ಟುಕೊಂಡು, ಪ್ರತಿ ಬುಟ್ಟಾ ತನ್ನ ಎದುರಿನದನ್ನು ಸೇರುವಂತೆ ಅವರೇ ಮತ್ತೆ ಹೊಲಿದರು. ಮೊದಲ ಮೂರು ದಾಟುಗಳಲ್ಲಿ ಸೂಜಿ ಹಳೆಯ ಅಭ್ಯಾಸದಂತೆ ಮುಂದಕ್ಕೆ ಜಾರಿತು. "ಕೈ ಹೇಳಿದ ಹಾಗೆ ಕೇಳಲ್ಲ ಕಣಮ್ಮ," ಎಂದು ನಕ್ಕು ಅವರು ಅವನ್ನು ಬಿಚ್ಚಿದರು. ನಾಲ್ಕನೆಯದರಿಂದ ಸರಿಬಂತು. ಬಲತುದಿಗೆ ಬಂದಾಗ ಎರಡೂ ಬದಿಯ ಬಟ್ಟೆ ಒಟ್ಟಿಗೇ ಮುಗಿಯಿತು, ಗುಬುಟಿಗೆ ಕಾರಣವಾಗಿದ್ದ 6 ಮಿಲಿಮೀಟರ್ ಬಟ್ಟೆ ಸಾಲಿನ ಉದ್ದಕ್ಕೂ ತನ್ನ ಜಾಗದಲ್ಲಿ ಕೂತಿತ್ತು.

ಕೊನೆಯಲ್ಲಿ ಯಂತ್ರದ ಹೊಲಿಗೆಯ ಮೇಲೆ ಎರಡು ಎಳೆಗಳನ್ನು ಕಚ್ಚಿ, ಬಟ್ಟೆಗೆ ತಾಗಿದಂತೆ ಸಣ್ಣ ಗಂಟು ಹಾಕಿ, ಗಂಟಿನ ಬುಡದಲ್ಲೇ ಸೂಜಿಯನ್ನು ಚುಚ್ಚಿ, ಕುಶನ್ನಿನ ಒಳಗಿನಿಂದ 5 ಸೆಂಟಿಮೀಟರ್ ದೂರದಲ್ಲಿ ಹೊರತೆಗೆದೆವು. ದಾರವನ್ನು ಮೆಲ್ಲಗೆ ಜಗ್ಗಿದಾಗ ಗಂಟು ಸಂದಿನೊಳಗೆ ಸರಿಯಿತು. ಹೊರಗುಳಿದ ದಾರವನ್ನು ಬಿಗಿಯಾಗಿ ಹಿಡಿದು ಬಟ್ಟೆಯ ಮಟ್ಟಕ್ಕೆ ಕತ್ತರಿಸಿದ ಕೂಡಲೇ ಅದರ ತುದಿಯೂ ತಾನಾಗಿ ಒಳಕ್ಕೆ ಹೋಯಿತು.